ರೀಡ್‌ಮಿ ಫೈಲಿಗೆ ಟೇಬಲ್ ಹಾಕೋದು: ಹೆಡರ್, ಅಲೈನ್‌ಮೆಂಟ್, ಮತ್ತೆ ಕನ್ನಡ ಅಕ್ಷರ ಬಂದಾಗ ಗೆರೆ ಜರುಗೋ ಸಮಸ್ಯೆ

ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ನಮ್ ಗೆಳೆಯರೊಬ್ರದ್ದು ದಲ್ಲಾಳಿ ಅಂಗಡಿ ಇದೆ. ಅವರಿಗೆ ಅಂತ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದಿದ್ವಿ, ತೂಕದ ಚೀಟಿ ಲೆಕ್ಕ ಎಲ್ಲ ಒಂದು ಸಿಎಸ್‌ವಿ ಫೈಲಲ್ಲಿ ಹಾಕಿದ್ರೆ ಲಾಟ್ ಪ್ರಕಾರ ಚೀಲ ಎಷ್ಟು, ತೂಕ ಎಷ್ಟು ಅಂತ ಒಟ್ಟು ಮಾಡಿ ಕೊಡುತ್ತೆ ಅಷ್ಟೇ. ಕೋಡ್ ಗಿಟ್‌ಹಬ್ಬಲ್ಲಿದೆ, ಜೊತೆಗೆ ಕೆಲಸ ಮಾಡೋ ಹುಡುಗ ಚಿತ್ರದುರ್ಗದವ್ನು, ರೀಡ್‌ಮಿ ಬರೆಯೋ ಕೆಲಸ ಅವನಿಗೆ ಕೊಟ್ಟಿದ್ದೆ. ಸಂಜೆ ಫೋನ್ ಮಾಡಿ, "ಅಣ್ಣಾ, ಟೇಬಲ್ ಹಾಕೀನಿ, ಫೈಲಲ್ಲಿ ಗೆರೆ ಎಲ್ಲಾ ನೀಟಾಗೈತಿ, ಗಿಟ್‌ಹಬ್ಬಲ್ಲಿ ನೋಡಿದ್ರೆ ಎಲ್ಲಾ ಒಂದೇ ಸಾಲಲ್ಲಿ ಕಲಸಿ ಬರ್ತೈತಿ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ, ಕನ್ನಡದಲ್ಲಿ ರೀಡ್‌ಮಿ ಬರೆಯೋರಿಗೆ ಮಾತ್ರ ಬರೋ ಕೆಲವು ತೊಂದರೆನೂ ಸೇರಿಸಿ.

ಮೊದ್ಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ರಿ, ಇದು ಗೊತ್ತಾದ್ರೆ ಅರ್ಧ ಗೊಂದಲ ಹೋಗುತ್ತೆ. ಟೇಬಲಲ್ಲಿ ಅಲೈನ್‌ಮೆಂಟ್ ಅಂದ್ರೆ ಎರಡು ಬೇರೆ ಬೇರೆ ವಿಷಯ. ಒಂದು, ನೀವು ಎಡಿಟರಲ್ಲಿ ನೋಡೋ ಫೈಲಲ್ಲಿ ಗೆರೆಗಳು ಒಂದರ ಕೆಳಗೆ ಒಂದು ನೇರ ಇರೋದು. ಇನ್ನೊಂದು, ಗಿಟ್‌ಹಬ್ ಪೇಜಲ್ಲಿ ಟೇಬಲ್ ಆಗಿ ಬಂದಾಗ ಕಾಲಂ ಒಳಗಿರೋದು ಎಡಕ್ಕೋ ಬಲಕ್ಕೋ ನಡುವಿಗೋ ಅಂಟಿರೋದು. ಮೊದಲನೇದನ್ನ ಗಿಟ್‌ಹಬ್ ನೋಡೋದೇ ಇಲ್ಲ, ಸೆಲ್ಲಿನ ಅಕ್ಕಪಕ್ಕ ಎಷ್ಟು ಸ್ಪೇಸ್ ಇದ್ರೂ ಕಿತ್ತು ಎಸೆಯುತ್ತೆ. ಎರಡನೇದಕ್ಕೆ ಒಂದೇ ಒಂದು ಸಾಲು ಕಾರಣ, ಹೆಡರ್ ಕೆಳಗಿನ ಗೀಟಿನ ಸಾಲು. ಆ ಹುಡುಗ ಸ್ಪೇಸ್ ಹೊಡೆದೂ ಹೊಡೆದೂ ಮೊದಲನೇದನ್ನ ಸರಿ ಮಾಡ್ತಾ ಕೂತಿದ್ದ, ತಪ್ಪಿದ್ದಿದ್ದು ಗೀಟಿನ ಸಾಲಲ್ಲಿ.

ಮೊದಲ ಹೆಜ್ಜೆ: ಹೆಡರ್ ಮತ್ತೆ ಗೀಟಿನ ಸಾಲು

`README.md` ಫೈಲ್ ತೆಗೀರಿ, ಟೇಬಲ್ ಬರಬೇಕಾದ ಜಾಗದಲ್ಲಿ ಮೇಲೆ ಒಂದು ಖಾಲಿ ಸಾಲು ಬಿಡ್ರಿ. ಈ ಖಾಲಿ ಸಾಲು ಬಿಡೋದು ಅಭ್ಯಾಸ ಆಗಿಬಿಡ್ಲಿ, ಗಿಟ್‌ಹಬ್‌ನವರ ಸಹಾಯ ಪುಟದಲ್ಲೂ ಹಂಗೇ ಬರೆದಿದಾರೆ. ಆಮೇಲೆ ಕಾಲಂ ಹೆಸರುಗಳನ್ನ ಪೈಪ್ ಚಿಹ್ನೆ ಹಾಕಿ ಬೇರೆ ಮಾಡಿ ಬರೀರಿ, ಪೈಪ್ ಅಂದ್ರೆ ಕೀಬೋರ್ಡಲ್ಲಿ ಎಂಟರ್ ಮೇಲೆ ಅಥವಾ ಪಕ್ಕ ಬ್ಯಾಕ್‌ಸ್ಲ್ಯಾಶ್ ಇರೋ ಕೀನಲ್ಲಿ ಶಿಫ್ಟ್ ಒತ್ತಿದ್ರೆ ಬರೋ ನಿಂತ ಗೆರೆ. ಅದರ ಕೆಳಗೇ, ನಡುವೆ ಖಾಲಿ ಸಾಲು ಬಿಡದೆ, ಗೀಟುಗಳ ಸಾಲು. ಅದರ ಕೆಳಗೆ ಡೇಟಾ. ಅಂಕಿ ಎಲ್ಲ ಉದಾಹರಣೆಗೆ ಹಾಕಿದ್ದು:

```
| ಲಾಟ್ | ಸರಕು | ಚೀಲ | ತೂಕ ಕೆಜಿ |
| --- | --- | --- | --- |
| 1 | ಮೆಕ್ಕೆಜೋಳ | 40 | 2412.5 |
| 2 | ರಾಗಿ | 8 | 486.0 |
| 3 | ಶೇಂಗಾ | 112 | 3920.5 |
```

ಇಷ್ಟೇ ಹಾಕಿದ್ರೂ ಟೇಬಲ್ ಆಯ್ತು. ಸಾಲಿನ ಶುರುಗೆ ಕೊನೆಗೆ ಪೈಪ್ ಇಲ್ದಿದ್ರೂ ಗಿಟ್‌ಹಬ್ ಒಪ್ಕೊಳ್ಳುತ್ತೆ, ಆದ್ರೆ ಹಾಕಿಬಿಡ್ರಿ, ಓದೋಕೆ ಸ್ಪಷ್ಟ ಇರುತ್ತೆ, ಮೊದಲ ಅಥವಾ ಕೊನೆ ಸೆಲ್ ಖಾಲಿ ಇದ್ದಾಗ ಎಲ್ಲಿದೆ ಅಂತ ಹುಡುಕೋ ಕಷ್ಟ ಇರಲ್ಲ. ಗೀಟು ಮೂರು ಹಾಕೋದು ರೂಢಿ. ಗಿಟ್‌ಹಬ್ ನಿಯಮದ ಪ್ರಕಾರ ಒಂದಿದ್ರೂ ನಡೆಯುತ್ತೆ, ಆದ್ರೆ ಬೇರೆ ಕೆಲವು ಟೂಲ್‌ಗಳು ಮೂರು ಕೇಳಬಹುದು ಅಂತ ಮೂರೇ ಹಾಕೋದು ಒಳ್ಳೇದು. ಹತ್ತು ಗೀಟು ಹಾಕಿದ್ರೆ ಗಿಟ್‌ಹಬ್ಬಲ್ಲಿ ಕಾಲಂ ಅಗಲ ಆಗುತ್ತೆ ಅಂತ ಕೆಲವ್ರು ಅಂದ್ಕೊಂಡಿರ್ತಾರೆ, ಆಗಲ್ಲ, ಒಳಗಿರೋ ಅಕ್ಷರ ನೋಡಿ ಅದೇ ಅಗಲ ಹಾಕ್ಕೊಳ್ಳುತ್ತೆ.

ಇಲ್ಲಿ ಬಿಗಿಯಾದ ನಿಯಮ ಒಂದೇ: ಹೆಡರಲ್ಲಿ ಎಷ್ಟು ಸೆಲ್ ಇದಾವೋ ಗೀಟಿನ ಸಾಲಲ್ಲೂ ಅಷ್ಟೇ ಇರಬೇಕು. ನಾಲ್ಕಕ್ಕೆ ನಾಲ್ಕು. ಒಂದು ಕಡಿಮೆ ಆದ್ರೂ, ಹೆಚ್ಚಾದ್ರೂ ಗಿಟ್‌ಹಬ್ ಅದನ್ನ ಟೇಬಲ್ ಅಂತ ಗುರುತು ಹಿಡಿಯೋದೇ ಇಲ್ಲ, ಎರರ್ ಕೂಡ ಕೊಡಲ್ಲ, ಎಲ್ಲಾ ಸಾಲು ಸೇರಿಸಿ ಪೈಪ್ ಸಮೇತ ಸಾಮಾನ್ಯ ಪ್ಯಾರಾ ತರ ತೋರಿಸಿಬಿಡುತ್ತೆ. ಚಿತ್ರದುರ್ಗದ ಹುಡುಗನಿಗೆ ಆಗಿದ್ದು ಇದೇ, ಮೊದಲು ಮೂರು ಕಾಲಂ ಇತ್ತು, ಆಮೇಲೆ ಚೀಲದ ಕಾಲಂ ಸೇರಿಸಿದಾನೆ, ಹೆಡರಲ್ಲೂ ಡೇಟಾದಲ್ಲೂ ಸೇರಿಸಿದಾನೆ, ಗೀಟಿನ ಸಾಲಲ್ಲಿ ಮೂರೇ ಉಳಿದಿದೆ. ಹಂಗಾಗಿ ಟೇಬಲ್ ಪೂರ್ತಿ ಮಾಯ ಆಗಿ ಪೈಪ್‌ಗಳೇ ಕಾಣ್ತಿದ್ರೆ ಡೇಟಾ ನೋಡ್ಬೇಡ್ರಿ, ಮೊದಲ ಎರಡು ಸಾಲು ಮಾತ್ರ ಎಣಿಸ್ರಿ.

ಎಣಿಕೆ ಸರಿ ಇದ್ದೂ ಟೇಬಲ್ ಬರ್ಲಿಲ್ಲ ಅಂದ್ರೆ ಚಿಹ್ನೆಗಳ ಕಡೆ ನೋಡ್ಬೇಕು, ಮತ್ತೆ ಇಲ್ಲಿ ಕನ್ನಡ ಟೈಪ್ ಮಾಡೋರಿಗೆ ಎರಡು ಮೋಸ ಇದೆ. ಕನ್ನಡ ಕೀಬೋರ್ಡ್ ಆನ್ ಇಟ್ಕೊಂಡೇ ಗೀಟಿನ ಸಾಲು ಬರೆದ್ರೆ ಕೋಲನ್ ಬದಲು ವಿಸರ್ಗ ಬಿದ್ದಿರಬಹುದು, `:` ಮತ್ತೆ `ಃ` ಕಣ್ಣಿಗೆ ಹತ್ತತ್ರ ಒಂದೇ ತರ ಕಾಣುತ್ತೆ. ಹಂಗೇ ಎಲ್ಲಿಂದಾದ್ರೂ ಕಾಪಿ ಮಾಡಿದ ಪಠ್ಯದಲ್ಲಿ ಪೈಪ್ ಬದಲು ದಂಡ ಇರಬಹುದು, `|` ಮತ್ತೆ `।` ಎರಡೂ ನಿಂತ ಗೆರೆನೇ, ಆದ್ರೆ ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಮೂರನೇದು ವರ್ಡಲ್ಲಿ ಬರೆದು ತಂದು ಅಂಟಿಸೋರಿಗೆ ಬರೋದು, ವರ್ಡ್ ತಾನಾಗೇ ಎರಡು ಗೀಟು ಸೇರಿಸಿ ಒಂದು ಉದ್ದ ಗೀಟು ಮಾಡಿಬಿಡುತ್ತೆ, ಆ ಉದ್ದ ಗೀಟು ಮಾರ್ಕ್‌ಡೌನಿಗೆ ಬೇಡ. ನನ್ನ ಸಲಹೆ ಏನಂದ್ರೆ, ಪೈಪ್, ಗೀಟು, ಕೋಲನ್ ಇರೋ ಹೆಡರಿನ ಕೆಳಗಿನ ಸಾಲನ್ನ ಇಂಗ್ಲಿಷ್ ಕೀಬೋರ್ಡಿಗೆ ಬದಲಾಯಿಸ್ಕೊಂಡೇ ಟೈಪ್ ಮಾಡ್ರಿ. ಅನುಮಾನ ಬಂದ್ರೆ ಎಡಿಟರಲ್ಲಿ ಕಂಟ್ರೋಲ್ ಎಫ್ ಒತ್ತಿ ಇಂಗ್ಲಿಷ್ ಪೈಪ್ ಹುಡುಕ್ರಿ, ಯಾವ ಗೆರೆ ಹೈಲೈಟ್ ಆಗಲ್ವೋ ಅದು ಪೈಪ್ ಅಲ್ಲ.

ಇನ್ನೊಂದು ಸಣ್ಣದು: ಟೇಬಲ್ ಸಾಲಿನ ಮುಂದೆ ನಾಲ್ಕು ಸ್ಪೇಸ್ ಅಥವಾ ಟ್ಯಾಬ್ ಇದ್ರೆ ಅದು ಕೋಡ್ ಬ್ಲಾಕ್ ಅಂತ ಲೆಕ್ಕ ಆಗುತ್ತೆ, ಬೂದು ಬಣ್ಣದ ಡಬ್ಬಿ ಒಳಗೆ ಬರೆದಂಗೇ ಕಾಣುತ್ತೆ. ಬೂದು ಡಬ್ಬಿ ಕಂಡ್ರೆ ಮುಂದಿನ ಸ್ಪೇಸ್ ತೆಗೀರಿ.

ಎರಡನೇ ಹೆಜ್ಜೆ: ಕೋಲನ್ ಹಾಕಿ ಕಾಲಂ ಕೂರಿಸೋದು

ಈಗ ಆ ಗೀಟಿನ ಸಾಲಲ್ಲಿ ಕೋಲನ್ ಎಲ್ಲಿ ಹಾಕ್ತೀರಿ ಅನ್ನೋದರ ಮೇಲೆ ಪೇಜಲ್ಲಿ ಕಾಣೋ ಅಲೈನ್‌ಮೆಂಟ್ ನಿಂತಿದೆ. ಎಡಗಡೆ ಕೋಲನ್ ಹಾಕಿದ್ರೆ ಎಡಕ್ಕೆ, ಬಲಗಡೆ ಹಾಕಿದ್ರೆ ಬಲಕ್ಕೆ, ಎರಡೂ ಕಡೆ ಹಾಕಿದ್ರೆ ನಡುವಿಗೆ. ಕೋಲನ್ ಮತ್ತೆ ಗೀಟಿನ ನಡುವೆ ಸ್ಪೇಸ್ ಇರಬಾರ್ದು, ಒಂದಕ್ಕೊಂದು ಅಂಟಿರಬೇಕು.

```
| ಲಾಟ್ | ಸರಕು | ಚೀಲ | ತೂಕ ಕೆಜಿ |
| :---: | :--- | ---: | ---: |
| 1 | ಮೆಕ್ಕೆಜೋಳ | 40 | 2412.5 |
| 2 | ರಾಗಿ | 8 | 486.0 |
| 3 | ಶೇಂಗಾ | 112 | 3920.5 |
```

ಯಾವ ಕಾಲಂಗೆ ಯಾವ್ದು ಅಂತ ಯೋಚನೆ ಮಾಡಿ ಹಾಕ್ರಿ, ಚಂದ ಕಾಣ್ಲಿ ಅಂತ ಎಲ್ಲಾ ಕಾಲಂ ನಡುವಿಗೆ ತರೋದು ನಂಗೆ ಸರಿ ಅನ್ಸಲ್ಲ. ಚೀಲ, ತೂಕ, ರೇಟು, ಮೊತ್ತ ಇಂಥ ಅಂಕಿಗಳು ಬಲಕ್ಕೇ ಇರಬೇಕು, ಯಾಕಂದ್ರೆ ಬಿಡಿ ಸ್ಥಾನದ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬಂದ್ರೆ 8 ಎಲ್ಲಿ 112 ಎಲ್ಲಿ ಅಂತ ಕಣ್ಣು ಹಾಯ್ಸಿದ ತಕ್ಷಣ ಗೊತ್ತಾಗುತ್ತೆ, ಅಂಗಡಿ ಖಾತೆ ಪುಸ್ತಕದಲ್ಲಿ ಬರೆಯೋದೂ ಹಂಗೇ ಅಲ್ವಾ. ಸರಕಿನ ಹೆಸರು, ವಿವರಣೆ ಇಂಥದ್ದು ಎಡಕ್ಕೆ. ನಡುವಿಗೆ ಅಂದ್ರೆ ಎಲ್ಲಾ ಸಾಲಲ್ಲೂ ಒಂದೇ ಅಗಲ ಇರೋ ಸಣ್ಣ ವಸ್ತು ಮಾತ್ರ, ಲಾಟ್ ನಂಬರ್ ಒಂದಂಕಿ, ಅಥವಾ ಹೌದು ಇಲ್ಲ ಅನ್ನೋ ತರದ್ದು.

ತೂಕದ ಕಾಲಂ ಗಮನಿಸ್ರಿ, 486 ಅಂತ ಬರೀದೆ 486.0 ಅಂತ ಬರ್ದಿದೀನಿ. ಮಾರ್ಕ್‌ಡೌನ್ ಟೇಬಲಿಗೆ ದಶಾಂಶ ಚುಕ್ಕಿ ನೋಡಿ ಅಲೈನ್ ಮಾಡೋದು ಗೊತ್ತಿಲ್ಲ, ಬರೀ ಬಲ ಅಂಚಿಗೆ ತಳ್ಳುತ್ತೆ. ಹಂಗಾಗಿ 486 ಅಂತ ಬಿಟ್ರೆ ಅದರ 6 ಮೇಲಿನ ಸಾಲಿನ ದಶಾಂಶ ಭಾಗದ 5ರ ಕೆಳಗೆ ಬಂದು ನಿಲ್ಲುತ್ತೆ, ಅವಸರದಲ್ಲಿ ಓದೋರಿಗೆ ಮೋಸ ಆಗುತ್ತೆ. ಕಾಲಂ ಪೂರ್ತಿ ಚುಕ್ಕಿ ಆದ್ಮೇಲೆ ಅಷ್ಟೇ ಅಂಕಿ ಇರೋ ಹಂಗೆ ನೋಡ್ಕೊಳ್ರಿ. ಇನ್ನು ಕೆಜಿ, ರೂಪಾಯಿ ಅನ್ನೋದನ್ನ ಒಂದೊಂದು ಸೆಲ್ಲಲ್ಲೂ ಬರೀಬೇಡ್ರಿ, ಹೆಡರಲ್ಲಿ ಒಂದ್ಸಲ ಬರೆದ್ರೆ ಸಾಕು, ಇಲ್ಲಾಂದ್ರೆ ಒಂದು ಸೆಲ್ಲಲ್ಲಿ ಕೆಜಿ ಇನ್ನೊಂದರಲ್ಲಿ ಕೆ.ಜಿ. ಅಂತ ಆಗಿ ಬಲಕ್ಕೆ ಕೂರಿಸಿದ್ದೇ ವ್ಯರ್ಥ.

ಅಲೈನ್‌ಮೆಂಟ್ ಕಾಲಂ ಪೂರ್ತಿಗೆ ಹತ್ತುತ್ತೆ, ಹೆಡರಿನ ಸೆಲ್ ಸೇರಿ. ಒಂದೇ ಒಂದು ಸೆಲ್ಲನ್ನ ಬೇರೆ ಕಡೆ ತಿರುಗಿಸೋ ದಾರಿ ಮಾರ್ಕ್‌ಡೌನಲ್ಲಿ ಇಲ್ಲ.

ಮೂರನೇ ಹೆಜ್ಜೆ: ಡೇಟಾ ಸಾಲುಗಳು, ಅಲ್ಲಿ ಸದ್ದಿಲ್ಲದೆ ಆಗೋ ತಪ್ಪು

ಹೆಡರ್ ತಪ್ಪಿದ್ರೆ ಟೇಬಲ್ಲೇ ಬರಲ್ಲ, ಅದು ಒಂದು ಲೆಕ್ಕಕ್ಕೆ ಒಳ್ಳೇದು, ತಕ್ಷಣ ಗೊತ್ತಾಗುತ್ತೆ. ಡೇಟಾ ಸಾಲಲ್ಲಿ ತಪ್ಪಿದ್ರೆ ಮಾತ್ರ ಟೇಬಲ್ ನೀಟಾಗೇ ಬರುತ್ತೆ, ಒಳಗಿನ ಮಾಹಿತಿ ತಪ್ಪಾಗಿರುತ್ತೆ, ಇದಕ್ಕೆ ನಾನು ಜಾಸ್ತಿ ಹೆದರೋದು. ಸೆಲ್ ಕಡಿಮೆ ಇದ್ರೆ ಗಿಟ್‌ಹಬ್ ಬಲಗಡೆ ಖಾಲಿ ಸೆಲ್ ಸೇರಿಸಿ ತುಂಬಿಸ್ಕೊಳ್ಳುತ್ತೆ, ಸೆಲ್ ಹೆಚ್ಚಿದ್ರೆ ಹೆಚ್ಚಾಗಿದ್ದನ್ನ ಬಿಸಾಕುತ್ತೆ. ಎರಡಕ್ಕೂ ಒಂದು ಮಾತು ಹೇಳಲ್ಲ.

ಉದಾಹರಣೆಗೆ ಮೂರನೇ ಲಾಟಿನ ಚೀಲ ಇನ್ನೂ ಎಣಿಸಿಲ್ಲ ಅಂತ ಇಟ್ಕೊಳ್ರಿ, ಅದನ್ನ ಬಿಟ್ಟು ಹಿಂಗೆ ಬರೆದ್ರೆ:

```
| 3 | ಶೇಂಗಾ | 3920.5 |
```

ಖಾಲಿ ಆಗೋದು ಚೀಲದ ಕಾಲಂ ಅಲ್ಲ. ತೂಕ ಎಡಕ್ಕೆ ಜರುಗಿ ಚೀಲದ ಕಾಲಂನಲ್ಲಿ ಕೂತು, ತೂಕದ ಜಾಗ ಖಾಲಿ ಆಗುತ್ತೆ. ಓದೋರಿಗೆ ಶೇಂಗಾ 3920.5 ಚೀಲ ಅಂತ ಕಾಣುತ್ತೆ. ನಡುವಿನ ಸೆಲ್ ಖಾಲಿ ಬಿಡಬೇಕಂದ್ರೆ ಅದರ ಪೈಪ್ ಇರ್ಲೇಬೇಕು:

```
| 3 | ಶೇಂಗಾ | | 3920.5 |
```

ಪೂರ್ತಿ ಖಾಲಿ ಬಿಡೋ ಬದಲು ಅಲ್ಲೊಂದು ಗೀಟು ಹಾಕಿದ್ರೆ ಇನ್ನೂ ಒಳ್ಳೇದು ಅಂತೀನಿ, ಮರೆತು ಬಿಟ್ಟಿದ್ದಲ್ಲ, ಗೊತ್ತಿದ್ದೇ ಬಿಟ್ಟಿದ್ದು ಅಂತ ಓದೋರಿಗೆ ತಿಳಿಯುತ್ತೆ.

ಟೇಬಲ್ ಎಲ್ಲಿ ಮುಗಿಯುತ್ತೆ ಅನ್ನೋದೂ ಇಲ್ಲೇ ಹೇಳ್ಬೇಕು. ಖಾಲಿ ಸಾಲು ಬಂದ್ರೆ ಟೇಬಲ್ ಮುಗೀತು. ಖಾಲಿ ಸಾಲು ಬಿಡದೆ ಕೊನೇ ಸಾಲಿನ ಕೆಳಗೇ "ತೂಕದಲ್ಲಿ ಚೀಲದ ತೂಕ ಸೇರಿಲ್ಲ" ಅಂತ ಒಂದು ಸೂಚನೆ ಬರೆದ್ರೆ, ಅದರಲ್ಲಿ ಒಂದು ಪೈಪ್ ಇಲ್ದಿದ್ರೂ ಅದು ಟೇಬಲಿನ ಇನ್ನೊಂದು ಸಾಲಾಗಿ ಮೊದಲ ಕಾಲಂ ಒಳಗೆ ಹೋಗಿ ಕೂರುತ್ತೆ, ಲಾಟ್ ಕಾಲಂ ಸುಮ್ನೆ ಅಗಲ ಆಗಿ ಟೇಬಲ್ ಆಕಾರನೇ ಕೆಡುತ್ತೆ. ಅದೇ ರೀತಿ ಹತ್ತಿಪ್ಪತ್ತು ಸಾಲು ಇದ್ದಾಗ ಓದೋಕೆ ಅನುಕೂಲ ಆಗ್ಲಿ ಅಂತ ನಡುವೆ ಖಾಲಿ ಸಾಲು ಬಿಟ್ರೆ, ಅದರ ಕೆಳಗಿನದ್ದೆಲ್ಲ ಟೇಬಲ್‌ನಿಂದ ಹೊರಗೆ, ಪೈಪ್ ಪೈಪಾಗೇ ಕಾಣುತ್ತೆ. ಮೇಲೆ ಒಂದು ಖಾಲಿ, ಕೆಳಗೆ ಒಂದು ಖಾಲಿ, ನಡುವೆ ಒಂದೂ ಇಲ್ಲ.

ನೋಡ್ಕೊಳ್ಳೋಕೆ ಪ್ರತಿಸಲ ಕಮಿಟ್ ಮಾಡಿ ಪುಶ್ ಮಾಡ್ಬೇಕಿಲ್ಲ. ವಿಎಸ್ ಕೋಡಲ್ಲಿ `Ctrl+Shift+V` ಒತ್ತಿದ್ರೆ ಪ್ರಿವ್ಯೂ ಬರುತ್ತೆ, `Ctrl+K` ಒತ್ತಿ ಬಿಟ್ಟು `V` ಒತ್ತಿದ್ರೆ ಪಕ್ಕದಲ್ಲೇ ತೆರೆಯುತ್ತೆ. ಗಿಟ್‌ಹಬ್ ಪೇಜಲ್ಲೇ ಎಡಿಟ್ ಮಾಡ್ತಿದ್ರೆ ಮೇಲೆ `Preview` ಅಂತ ಟ್ಯಾಬ್ ಇದೆ. ಪ್ರಿವ್ಯೂನಲ್ಲಿ ಟೇಬಲ್ ಬಂತಾ ಅಂತ ಮಾತ್ರ ನೋಡ್ದೆ, ಬಲಗಡೆ ಕೊನೇ ಕಾಲಂ ಮೇಲಿಂದ ಕೆಳಗೆ ಒಂದ್ಸಲ ಓದ್ರಿ. ಅಲ್ಲಿ ಇರಬಾರದ ಖಾಲಿ ಇದ್ರೆ ಆ ಸಾಲಲ್ಲಿ ಎಲ್ಲೋ ಒಂದು ಪೈಪ್ ಬಿಟ್ಟುಹೋಗಿದೆ, ಅಲ್ಲಿ ಸಂಬಂಧ ಇಲ್ದೇ ಇರೋ ಮಾಹಿತಿ ಇದ್ರೆ ಎಲ್ಲೋ ಒಂದು ಪೈಪ್ ಹೆಚ್ಚಾಗಿದೆ.

ನಾಲ್ಕನೇ ಹೆಜ್ಜೆ: ಸೆಲ್ ಒಳಗೇ ಪೈಪ್ ಬೇಕಾದಾಗ

ಹೆಚ್ಚಾದ ಪೈಪ್ ಅಂದ್ರೆ ಯಾರು ಬೇಕಂತ ಹಾಕ್ತಾರೆ ಅನ್ನಬಹುದು. ರೀಡ್‌ಮಿಲಿ ಕಮಾಂಡ್ ಆಪ್ಷನ್‌ಗಳ ಟೇಬಲ್ ಬರೆಯೋವಾಗ ತಾನಾಗೇ ಬರುತ್ತೆ. ನಮ್ ಸ್ಕ್ರಿಪ್ಟಿಗೆ `--out` ಅಂತ ಆಪ್ಷನ್ ಇದೆ, ಅದಕ್ಕೆ `csv` ಅಥವಾ `json` ಕೊಡಬಹುದು, ಇಂಥ ಕಡೆ ಎರಡರ ನಡುವೆ ಪೈಪ್ ಹಾಕಿ ಬರೆಯೋದು ಎಲ್ಲರ ರೂಢಿ:

```
| ಆಪ್ಷನ್ | ಏನು ಕೊಡ್ಬೇಕು | ಡೀಫಾಲ್ಟ್ | ಕೆಲಸ |
| :--- | :--- | :---: | :--- |
| `--out` | `csv|json` | `csv` | ಯಾವ ರೂಪದಲ್ಲಿ ಬರೀಬೇಕು |
```

ಬ್ಯಾಕ್‌ಟಿಕ್ ಒಳಗಿದೆ, ಅದು ಕೋಡ್ ಅಲ್ವಾ, ಮುಟ್ಟಲ್ಲ ಅಂದ್ಕೊಳ್ತೀವಿ. ಗಿಟ್‌ಹಬ್ ಹಂಗೆ ಮಾಡಲ್ಲ. ಅದು ಮೊದ್ಲು ಸಾಲನ್ನ ಪೈಪ್ ಇರೋ ಕಡೆ ಎಲ್ಲಾ ಕತ್ತರಿಸುತ್ತೆ, ಕತ್ತರಿಸಿದ್ಮೇಲೆ ಒಂದೊಂದು ತುಂಡಿನ ಒಳಗೆ ಬ್ಯಾಕ್‌ಟಿಕ್ ಇದೆಯಾ, ದಪ್ಪಕ್ಷರ ಇದೆಯಾ ಅಂತ ನೋಡುತ್ತೆ. ಹಂಗಾಗಿ ಈ ಸಾಲಲ್ಲಿ ಎರಡನೇ ಸೆಲ್ಲಲ್ಲಿ ಜೋಡಿ ಇಲ್ಲದ ಬ್ಯಾಕ್‌ಟಿಕ್ ಜೊತೆ csv, ಮೂರನೇದರಲ್ಲಿ json ಮತ್ತೆ ಇನ್ನೊಂದು ಒಂಟಿ ಬ್ಯಾಕ್‌ಟಿಕ್, ಡೀಫಾಲ್ಟ್ ಹೋಗಿ ಕೆಲಸದ ಕಾಲಂನಲ್ಲಿ ಕೂತಿರುತ್ತೆ, ವಿವರಣೆ ಐದನೇ ಸೆಲ್ ಆಗಿ ಮಾಯ ಆಗಿರುತ್ತೆ. ಪ್ರಿವ್ಯೂನಲ್ಲಿ ಒಂಟಿ ಬ್ಯಾಕ್‌ಟಿಕ್ ಕಣ್ಣಿಗೆ ಬಿದ್ರೆ ಕಾರಣ ಇದೇ ಅಂತ ತಿಳ್ಕೊಳ್ರಿ.

ಪರಿಹಾರ ಪೈಪ್ ಮುಂದೆ ಬ್ಯಾಕ್‌ಸ್ಲ್ಯಾಶ್, ಬ್ಯಾಕ್‌ಟಿಕ್ ಒಳಗೆ ಇದ್ರೂ:

```
| `--out` | `csv\|json` | `csv` | ಯಾವ ರೂಪದಲ್ಲಿ ಬರೀಬೇಕು |
```

ಪೇಜಲ್ಲಿ ಬ್ಯಾಕ್‌ಸ್ಲ್ಯಾಶ್ ಕಾಣಲ್ಲ, ಬರೀ ಪೈಪ್ ಕಾಣುತ್ತೆ. ಆದ್ರೆ ಟೇಬಲ್ ಹೊರಗೆ ಕೋಡ್ ಬ್ಲಾಕಲ್ಲಿ ಹಿಂಗೆ ಬ್ಯಾಕ್‌ಸ್ಲ್ಯಾಶ್ ಹಾಕಿದ್ರೆ ಅದು ಹಂಗೇ ಕಾಣುತ್ತೆ, ಟೇಬಲ್ ಒಳಗೆ ಮಾತ್ರ ಈ ರೀತಿ. ಉದ್ದ ಕಮಾಂಡ್, ಎರಡು ಮೂರು ಪೈಪ್ ಇರೋದು ಇದ್ರೆ ಅದನ್ನ ಟೇಬಲಲ್ಲಿ ತುರುಕೋ ಬದಲು ಕೆಳಗೆ ಬೇರೆ ಕೋಡ್ ಬ್ಲಾಕಲ್ಲಿ ಕೊಡ್ರಿ, ಯಾರಾದ್ರೂ ಮೂಲ ಫೈಲಿಂದ ಕಾಪಿ ಮಾಡಿ ಓಡಿಸಿದ್ರೆ ಬ್ಯಾಕ್‌ಸ್ಲ್ಯಾಶ್ ಸಮೇತ ಹೋಗಿ ಕಮಾಂಡ್ ಕೆಡುತ್ತೆ.

ಸೆಲ್ ಒಳಗೆ ಎರಡು ಸಾಲು ಬೇಕಂದ್ರೆ ಎಂಟರ್ ಒತ್ತೋ ಹಂಗಿಲ್ಲ, ಒಂದು ಸಾಲು ಅಂದ್ರೆ ಟೇಬಲಿನ ಒಂದು ಸಾಲು. `<br>` ಅಂತ ಬರೆದ್ರೆ ಗಿಟ್‌ಹಬ್ಬಲ್ಲಿ ಮುರಿಯುತ್ತೆ. ಬುಲೆಟ್ ಪಟ್ಟಿ, ಕೋಡ್ ಬ್ಲಾಕ್ ಇಂಥವು ಸೆಲ್ ಒಳಗೆ ಬರಲ್ಲ, ಲಿಂಕು, ದಪ್ಪಕ್ಷರ, ಬ್ಯಾಕ್‌ಟಿಕ್ ಬರುತ್ತೆ.

ಐದನೇ ಹೆಜ್ಜೆ: ಫೈಲ್ ಒಳಗೆ ಗೆರೆ ನೇರ ಮಾಡೋದು, ಕನ್ನಡ ಇದ್ರೆ ಏನು ಮಾಡ್ಬೇಕು

ಈಗ ಮೊದಲನೇ ಅಲೈನ್‌ಮೆಂಟ್‌ಗೆ ಬರೋಣ, ಎಡಿಟರಲ್ಲಿ ಕಾಣೋದು. ರೀಡ್‌ಮಿಯನ್ನ ಎಲ್ಲರೂ ಗಿಟ್‌ಹಬ್ಬಲ್ಲೇ ಓದಲ್ಲ, ಟರ್ಮಿನಲಲ್ಲಿ `cat README.md` ಅಂತ ಓದೋರೂ ಇದಾರೆ, ಅದಕ್ಕೆ ಕಚ್ಚಾ ಫೈಲಲ್ಲೂ ಟೇಬಲ್ ತರ ಕಂಡ್ರೆ ಚೆನ್ನ. ಇನ್ನೊಂದು ಕಾರಣನೂ ಇದೆ. 2004ರಲ್ಲಿ ಜಾನ್ ಗ್ರೂಬರ್ ಮಾಡಿದ ಮೂಲ ಮಾರ್ಕ್‌ಡೌನಲ್ಲಿ ಈ ಪೈಪ್ ಟೇಬಲ್ ಇರ್ಲೇ ಇಲ್ಲ, ಆಮೇಲೆ ಬೇರೆಯವರು ಸೇರಿಸಿದ್ದು, ಗಿಟ್‌ಹಬ್ ತನ್ನ ರೂಪದಲ್ಲಿ ಅದನ್ನ ವಿಸ್ತರಣೆ ಅಂತ ಇಟ್ಕೊಂಡಿದೆ. ಹಂಗಾಗಿ ಟೇಬಲ್ ಗೊತ್ತಿಲ್ಲದ ಕಡೆ ಫೈಲ್ ತೆರೆದ್ರೆ ಓದೋರಿಗೆ ಸಿಗೋದು ಈ ಕಚ್ಚಾ ಗೆರೆಗಳೇ.

ಪೂರ್ತಿ ಇಂಗ್ಲಿಷ್ ಅಕ್ಷರ ಇದ್ರೆ ಇದು ಸುಲಭ, ಸ್ಪೇಸ್ ತುಂಬಿಸಿದ್ರೆ ಆಯ್ತು:

```
| Option     | Default |
| :--------- | ------: |
| `--out`    |   `csv` |
| `--digits` |     `1` |
```

ಎಡಿಟರ್ ಫಾಂಟಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದೇ ಅಗಲ, ಅದಕ್ಕೇ ಎಣಿಸಿ ಸ್ಪೇಸ್ ಹಾಕಿದ್ರೆ ಪೈಪ್ ನೇರ ಬರುತ್ತೆ. ಪ್ರೆಟಿಯರ್ ತರದ ಫಾರ್ಮ್ಯಾಟರ್ ಇದ್ರೆ `npx prettier --write README.md` ಅಂದ್ರೆ ಸಾಕು, ಅದೇ ತುಂಬಿಸಿ ಕೊಡುತ್ತೆ.

ಕನ್ನಡ ಬಂದ ತಕ್ಷಣ ಈ ಲೆಕ್ಕ ಎರಡು ಕಡೆ ಮುರಿಯುತ್ತೆ. ಮೊದಲನೇದು ಎಣಿಕೆ. ನಾವು ಮೆಕ್ಕೆಜೋಳ ಅಂದ್ರೆ ನಾಲ್ಕು ಅಕ್ಷರ ಅಂತೀವಿ, ಮೆ, ಕ್ಕೆ, ಜೋ, ಳ. ಕಂಪ್ಯೂಟರ್ ಒಳಗೆ ವ್ಯಂಜನ ಬೇರೆ, ಸ್ವರದ ಗುರುತು ಬೇರೆ, ಒತ್ತಕ್ಷರಕ್ಕೆ ನಡುವೆ ಬರೋ ಅರ್ಧಾಕ್ಷರದ ಗುರುತು ಬೇರೆ, ಎಲ್ಲಾ ಒಂದೊಂದು ಲೆಕ್ಕ:

```python
len("ಮೆಕ್ಕೆಜೋಳ")  # 9
len("ರಾಗಿ")       # 4
len("ಶೇಂಗಾ")      # 5
```

ಒಂಬತ್ತು, ನಾಲ್ಕು, ಐದು ಅಂತ ಎಣಿಸಿ ಒಂದು ಸ್ಕ್ರಿಪ್ಟ್ ಸ್ಪೇಸ್ ತುಂಬಿಸಿದ್ರೆ ರಾಗಿಗೆ ಐದು ಸ್ಪೇಸ್ ಹಾಕುತ್ತೆ, ಆದ್ರೆ ಪರದೆ ಮೇಲೆ ಆ ಎರಡು ಪದದ ನಡುವಿನ ಅಗಲದ ವ್ಯತ್ಯಾಸ ಐದು ಸ್ಪೇಸಿನಷ್ಟೇ ಇರುತ್ತೆ ಅನ್ನೋಕೆ ಕಾರಣವೇ ಇಲ್ಲ. ಡೌನ್‌ಲೋಡ್, ಸಾಫ್ಟ್‌ವೇರ್ ತರದ ಪದ ಬರೆಯೋವಾಗ ಒತ್ತು ಕೆಳಗೆ ಇಳೀದೆ ಇರ್ಲಿ ಅಂತ ನಡುವೆ ಒಂದು ಕಾಣದ ಅಕ್ಷರ ಹಾಕ್ತೀವಲ್ಲ, ಅದೂ ಒಂದು ಲೆಕ್ಕಕ್ಕೆ ಬರುತ್ತೆ, ಅಗಲ ಮಾತ್ರ ಸೊನ್ನೆ.

ಎರಡನೇದು ಫಾಂಟ್, ಇದು ಎಣಿಕೆ ಸರಿ ಮಾಡಿದ್ರೂ ಸರಿ ಹೋಗಲ್ಲ. ಕೋಡಿಂಗಿಗೆ ಬಳಸೋ ಕನ್ಸೋಲಾಸ್ ತರದ ಫಾಂಟಲ್ಲಿ ಕನ್ನಡ ಅಕ್ಷರನೇ ಇಲ್ಲ, ಅದಕ್ಕೆ ವಿಂಡೋಸ್ ನಿರ್ಮಲಾ ಯುಐ ಅನ್ನೋ ಬೇರೆ ಫಾಂಟಿಂದ ಅಕ್ಷರ ತಂದು ಹಾಕುತ್ತೆ, ಲಿನಕ್ಸಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ. ಅದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಗಲ, ರ ಸಣ್ಣದು, ಮೆ ಅಗಲ. ಅಂದ್ರೆ ನಿಮ್ಮ ಕಂಪ್ಯೂಟರಲ್ಲಿ ಒಂದೊಂದೇ ಸ್ಪೇಸ್ ತೆಗೆದು ಹಾಕಿ ಗೆರೆ ನೇರ ಮಾಡಿದ್ರೂ, ಬೇರೆ ಫಾಂಟ್ ಇರೋ ಇನ್ನೊಬ್ಬರ ಕಂಪ್ಯೂಟರಲ್ಲಿ ತೆರೆದ ಕೂಡ್ಲೇ ಮತ್ತೆ ಸೊಟ್ಟ.

ಅದಕ್ಕೆ ಕನ್ನಡ ಇರೋ ಟೇಬಲಿಗೆ ನಾನು ಹಿಡಿದಿರೋ ದಾರಿ ಇದು. ಸ್ಪೇಸ್ ತುಂಬಿಸೋದನ್ನ ಕೈ ಬಿಡ್ರಿ, ಪ್ರತಿ ಪೈಪಿನ ಅಕ್ಕಪಕ್ಕ ಒಂದೊಂದೇ ಸ್ಪೇಸ್ ಇಡ್ರಿ, ಮೇಲೆ ಲಾಟಿನ ಟೇಬಲಲ್ಲಿ ಮಾಡಿದ ಹಾಗೆ. ಕಚ್ಚಾ ಫೈಲಲ್ಲೂ ನೇರ ಕಾಣ್ಲೇಬೇಕು ಅಂತಿದ್ರೆ ಕಾಲಂಗಳ ಕ್ರಮ ಬದಲಾಯಿಸ್ರಿ, ಅಂಕಿ ಮತ್ತೆ ಇಂಗ್ಲಿಷ್ ಇರೋ ಕಾಲಂ ಮುಂದೆ, ಕನ್ನಡ ಕಾಲಂ ಕಟ್ಟಕಡೆಗೆ. ಆಗ ಮುಂದಿನ ಪೈಪ್‌ಗಳೆಲ್ಲ ನೇರ ನಿಲ್ತಾವೆ, ಜರುಗೋದು ಕೊನೇ ಪೈಪ್ ಒಂದೇ, ಅದು ಕಣ್ಣಿಗೆ ಅಷ್ಟು ಹೊಡೆಯಲ್ಲ. ಹೆಡರ್ ಕನ್ನಡದಲ್ಲಿದ್ರೆ ಆ ಒಂದು ಸಾಲು ಸ್ವಲ್ಪ ಆಚೀಚೆ ಆಗುತ್ತೆ, ಅದನ್ನ ಒಪ್ಕೊಳ್ಳಬೇಕು:

```
| ಲಾಟ್ | ಚೀಲ | ತೂಕ ಕೆಜಿ | ಸರಕು |
| :-: | --: | -----: | :--- |
|  1  |  40 | 2412.5 | ಮೆಕ್ಕೆಜೋಳ |
|  2  |   8 |  486.0 | ರಾಗಿ |
|  3  | 112 | 3920.5 | ಶೇಂಗಾ |
```

ತುಂಬಿಸದೆ ಬಿಡೋದರಿಂದ ಗಿಟ್ಟಲ್ಲೂ ಒಂದು ಲಾಭ ಇದೆ. ತುಂಬಿಸಿದ ಟೇಬಲಲ್ಲಿ ಯಾವ್ದೋ ಒಂದು ಸೆಲ್ಲಲ್ಲಿ ಉದ್ದ ಹೆಸರು ಬಂತು ಅಂದ್ರೆ ಫಾರ್ಮ್ಯಾಟರ್ ಎಲ್ಲಾ ಸಾಲಿಗೂ ಸ್ಪೇಸ್ ಸೇರಿಸುತ್ತೆ, ಬದಲಾಗಿದ್ದು ಒಂದೇ ಸಾಲು ಆದ್ರೂ ಡಿಫಲ್ಲಿ ಟೇಬಲ್ ಪೂರ್ತಿ ಕೆಂಪು ಹಸಿರು. ಹಳೇ ಟೇಬಲ್ ಹಂಗೇ ಇದ್ರೆ `git diff -w` ಅಂತ ನೋಡ್ರಿ, ಸ್ಪೇಸಿನ ಬದಲಾವಣೆ ಬಿಟ್ಟು ನಿಜವಾಗಿ ಬದಲಾದ ಸಾಲು, ಜೊತೆಗೆ ಉದ್ದ ಆದ ಗೀಟಿನ ಸಾಲು ಮಾತ್ರ ತೋರಿಸುತ್ತೆ.

ಪೈಪ್ ಟೇಬಲಿಗೆ ಆಗದೇ ಇರೋದು

ಎರಡು ಸೆಲ್ ಸೇರಿಸಿ ಒಂದು ಮಾಡೋಕೆ ಆಗಲ್ಲ, ಎಕ್ಸೆಲ್‌ನಲ್ಲಿ ಮರ್ಜ್ ಮಾಡಿದ ಹೆಡರ್ ಇರೋ ಶೀಟನ್ನ ಹಂಗೇ ತರೋಕೆ ಹೋದ್ರೆ ಇಲ್ಲಿ ಸಿಕ್ಕಾಕ್ಕೊಳ್ತೀರಿ. ಹೆಡರ್ ಇಲ್ಲದ ಟೇಬಲ್ಲೂ ಇಲ್ಲ, ಹೆಡರ್ ಸಾಲು ಇರ್ಲೇಬೇಕು, ಬೇಡ ಅಂದ್ರೆ ಸೆಲ್ ಖಾಲಿ ಬಿಡಬಹುದು, ಆದ್ರೆ ಪೇಜಲ್ಲಿ ಮೇಲೊಂದು ಖಾಲಿ ಪಟ್ಟಿ ಉಳಿಯುತ್ತೆ. ಕಾಲಂ ತುಂಬಾ ಇದ್ರೆ ಗಿಟ್‌ಹಬ್ಬಲ್ಲಿ ಅಡ್ಡ ಸ್ಕ್ರಾಲ್ ಮಾಡ್ಬೇಕಾಗುತ್ತೆ, ಮೊಬೈಲಲ್ಲಿ ನೋಡೋ ಅಂಗಡಿಯವರಿಗೆ ಅದು ಕಷ್ಟ, ಹಂಗಾಗಿ ನಾಲ್ಕೈದು ಕಾಲಂ ದಾಟಿದ್ರೆ ಎರಡು ಟೇಬಲ್ ಮಾಡ್ರಿ.

ಮರ್ಜ್ ಬೇಕೇಬೇಕು ಅಂದ್ರೆ ಎಚ್‌ಟಿಎಂಎಲ್ ಟೇಬಲ್ ಬರೀಬೇಕು, ಗಿಟ್‌ಹಬ್ ರೀಡ್‌ಮಿಲಿ ಅದು ನಡೆಯುತ್ತೆ:

```html
<table>
  <tr><th colspan="2">ಮೆಕ್ಕೆಜೋಳ</th></tr>
  <tr><td>ಚೀಲ</td><td align="right">40</td></tr>
</table>
```

ಇಲ್ಲಿ ಬಲಕ್ಕೆ ತರೋಕೆ `align="right"` ಅಂತಲೇ ಬರೀರಿ, `style` ಹಾಕಿ ಸಿಎಸ್‌ಎಸ್ ಬರೆದ್ರೆ ಗಿಟ್‌ಹಬ್ ಅದನ್ನ ತೆಗೆದುಹಾಕುತ್ತೆ, ನಿಮ್ಮ ಬ್ರೌಸರಲ್ಲಿ ಎಚ್‌ಟಿಎಂಎಲ್ ಫೈಲಾಗಿ ತೆರೆದಾಗ ಸರಿ ಕಂಡಿದ್ದು ರೀಡ್‌ಮಿಲಿ ಎಡಕ್ಕೇ ನಿಂತಿರುತ್ತೆ. ಮತ್ತೆ `<td>` ಒಳಗೆ ಬ್ಯಾಕ್‌ಟಿಕ್, ಸ್ಟಾರ್ ಹಾಕಿ ಮಾರ್ಕ್‌ಡೌನ್ ಬರೆದ್ರೆ ಬರೆದಂಗೇ ಕಾಣುತ್ತೆ, ಕೆಲಸ ಮಾಡ್ಬೇಕಂದ್ರೆ `<td>` ಆದ್ಮೇಲೆ ಒಂದು ಖಾಲಿ ಸಾಲು ಬಿಟ್ಟು, ಮುಂದೆ ಸ್ಪೇಸ್ ಇಲ್ದಂಗೆ ಮಾರ್ಕ್‌ಡೌನ್ ಬರೆದು, ಮತ್ತೊಂದು ಖಾಲಿ ಸಾಲು ಬಿಟ್ಟು `</td>` ಹಾಕ್ರಿ. ಬರೀ ಕೋಡ್ ತರ ಕಾಣ್ಬೇಕು ಅಷ್ಟೇ ಅಂದ್ರೆ `<code>` ಬಳಸೋದು ಸುಲಭ, ಮತ್ತೆ ಈ ಎಚ್‌ಟಿಎಂಎಲ್ ಟೇಬಲ್ ಒಳಗೆ ಪೈಪ್ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕೋ ಅಗತ್ಯ ಇಲ್ಲ.